ರಂಗಪ್ರವೇಶದ ಹೊಸ್ತಿಲಲ್ಲಿರುವ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ವರ್ಣದ ಮೂರನೇ ಜತಿ ಬರೋ ಹೊತ್ತಿಗೆ ಎಲ್ಲ ಮರೆತುಹೋಗತ್ತೆ ಅಮ್ಮಾ, ಈಗಲೇ ಎದೆ ಡವಡವ ಅಂತಿದೆ." ಡ್ಯೂಟಿಯಲ್ಲಿದ್ದೆ, ಸಮಾಧಾನವಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಉಸಿರಿನ ವಿಷಯ. ಹೆದರಿದವರಿಗೆ ಎಲ್ಲರೂ "ಜೋರಾಗಿ ಉಸಿರೆಳೆದುಕೋ" ಅನ್ನುತ್ತಾರೆ. ನೀನು ಹಾಗೆ ಮಾಡಬೇಡ. ಉಸಿರು ಒಳಗೆ ಹೋಗುವಾಗ ಎದೆಬಡಿತ ಒಂಚೂರು ಏರುತ್ತದೆ, ಹೊರಗೆ ಬರುವಾಗ ಇಳಿಯುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಬಿಡುವ ಉಸಿರು ಉದ್ದವಾಗುವುದು. ನಿನಗೆ ಎಣಿಕೆ ಹೊಸದಾಗಿ ಕಲಿಯಬೇಕಿಲ್ಲ. ಮನಸ್ಸಿನಲ್ಲೇ "ತಕಧಿಮಿ" ಅನ್ನುತ್ತಾ ಮೂಗಿನಿಂದ ಎಳೆದುಕೋ, "ತಕಧಿಮಿ ತಕ" ಅನ್ನುತ್ತಾ ಬಿಡು. ನಾಲ್ಕಕ್ಕೆ ಒಳಗೆ, ಆರಕ್ಕೆ ಹೊರಗೆ. ಒಂದು ಅಕ್ಷರಕ್ಕೆ ಒಂದು ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಆರು ಉಸಿರು. ಐದು ನಿಮಿಷ ಮಾಡಿದರೆ ಸಾಕು. ಆರು ಕಷ್ಟವೆನಿಸಿದರೆ ಮೂರಕ್ಕೆ ಎಳೆದು ನಾಲ್ಕಕ್ಕೆ ಬಿಡು. ನಡುವೆ ಉಸಿರು ಕಟ್ಟಿ ಹಿಡಿಯುವುದು ಬೇಡ.

ಮಾಡುವಾಗ ಬೆರಳ ತುದಿ ಅಥವಾ ತುಟಿಯ ಸುತ್ತ ಜುಮ್ಮೆಂದರೆ, ತಲೆ ಹಗುರಾದಂತೆ ಅನ್ನಿಸಿದರೆ ಗಾಬರಿಯಾಗಬೇಡ. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿದ್ದೀಯ ಅಂತ ಅರ್ಥ. ಮೈಯಿಂದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋದರೆ ಹಾಗಾಗುತ್ತದೆ. ಪಕ್ಕದವರಿಗೂ ಕೇಳಿಸದಷ್ಟು ಸಣ್ಣದಾಗಿ ಉಸಿರಾಡು, ಸರಿಹೋಗುತ್ತದೆ. ಇನ್ನೊಂದು ಮಾತು, ಇದನ್ನೆಲ್ಲ ಡಾಬು ಕಟ್ಟುವ ಮುಂಚೆಯೇ ಮಾಡು. ಸೊಂಟ ಬಿಗಿದ ಮೇಲೆ ಹೊಟ್ಟೆ ಹಿಗ್ಗುವುದಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ, ಅದರಿಂದಲೇ ಭಯ ಹೆಚ್ಚಾದಂತೆ ಅನ್ನಿಸುತ್ತದೆ. ಈಗಿನಿಂದಲೇ ದಿನಾ ರಾತ್ರಿ ಮಲಗುವಾಗ ಅಭ್ಯಾಸ ಮಾಡಿಕೋ. ಅಂದೇ ಮೊದಲ ಸಲ ಮಾಡಲು ಹೋದರೆ ಎಣಿಕೆಯೇ ಇನ್ನೊಂದು ಚಿಂತೆಯಾದೀತು.

ಅಲಂಕಾರ ಮುಗಿದು ಸೈಡ್ ವಿಂಗ್‌ನಲ್ಲಿ ನಿಂತಾಗ ಉಸಿರಿಗಿಂತ ಕಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಹೆದರಿದ ಮನಸ್ಸು ಇನ್ನೂ ಬಾರದ ಮೂರನೇ ಜತಿಯಲ್ಲಿ ಕೂತಿರುತ್ತದೆ, ಅದನ್ನು ನೀನು ನಿಂತ ಜಾಗಕ್ಕೆ ಕರೆತರಬೇಕು. ಎರಡೂ ಪಾದ ಪೂರ್ತಿ ಊರಿ ನಿಲ್ಲು. ಹಿಮ್ಮಡಿಗೆ ನೆಲ ತಣ್ಣಗಿದೆಯೇ? ಗೆಜ್ಜೆಯ ಭಾರ ಯಾವ ಕಾಲಿಗೆ ಹೆಚ್ಚು ತಿಳಿಯುತ್ತಿದೆ? ಆಮೇಲೆ ಕಣ್ಣಿಗೆ ಕಾಣುವ ಐದು ವಸ್ತು, ಮೈಗೆ ತಾಗುವ ನಾಲ್ಕು, ಕಿವಿಗೆ ಬೀಳುವ ಮೂರು, ಮೂಗಿಗೆ ಎರಡು, ನಾಲಿಗೆಗೆ ಒಂದು ಹೀಗೆ ಗುರುತಿಸುತ್ತಾ ಹೋಗು. "ಪರದೆ, ದೀಪ, ಮೃದಂಗ" ಅಂತ ಮಗ್ಗಿ ಒಪ್ಪಿಸಿದರೆ ಏನೂ ಆಗದು. ಪರದೆಯ ಅಂಚು ಎಲ್ಲಿ ಮಾಸಿದೆ, ಮುಡಿದ ಮಲ್ಲಿಗೆಯ ವಾಸನೆಯ ಜೊತೆಗೆ ಮುಖಕ್ಕೆ ಹಚ್ಚಿದ ಪ್ಯಾನ್‌ಕೇಕಿನ ವಾಸನೆ ಎಷ್ಟು ಬೆರೆತಿದೆ, ಶ್ರುತಿಪೆಟ್ಟಿಗೆಯ ನಾದ ಯಾವ ಕಡೆಯಿಂದ ಬರುತ್ತಿದೆ ಅಂತ ಒಂದೊಂದರಲ್ಲೂ ಸ್ವಲ್ಪ ಹೊತ್ತು ನಿಲ್ಲಬೇಕು. ನಡುವೆ ಭಯ ಮತ್ತೆ ನುಗ್ಗಿದರೆ ಪಾದದಿಂದ ಶುರು ಮಾಡು. ಎದೆ ಡವಡವ ಪೂರ್ತಿ ನಿಲ್ಲಲಿ ಅಂತ ಕಾಯಬೇಡ, ಅಷ್ಟಿಷ್ಟು ಉಳಿದರೂ ಅಡವು ಬರುತ್ತದೆ.

ಆದರೆ ಮೂರನೇ ಜತಿಯ ಹೆದರಿಕೆ ಉಸಿರಿನಿಂದ ಮಾತ್ರ ಹೋಗುವಂಥದ್ದಲ್ಲ ಅಂತ ನನಗನ್ನಿಸುತ್ತದೆ. ಅದನ್ನು ಬಾಯಿಬಿಟ್ಟು ಟೀಚರ್ ಹತ್ತಿರ ಹೇಳಲೇಬೇಕು. "ಟೀಚರ್, ನಂಗೆ ಭಯ" ಅಂದರೆ ಅವರು "ಏನಾಗಲ್ಲ ಬಿಡೇ" ಅಂದು ಮುಗಿಸಿಯಾರು. ಅವರಿಗೆ ಪುರುಸೊತ್ತಿದ್ದಾಗ ಹೀಗೆ ಕೇಳು: "ಮೂರನೇ ಜತಿಯಲ್ಲಿ ಮರೆತರೆ ಏನು ಮಾಡಲಿ? ನೀವು ಸೊಲ್ಲುಕಟ್ಟು ಹೇಳುತ್ತಲೇ ಇರ್ತೀರಲ್ಲ, ನಾನು ಎಲ್ಲಿ ಸೇರಿಕೊಳ್ಳಲಿ?" ನಟ್ಟುವಾಂಗ ಹಿಡಿದು ಕೂರುವವರು ಅವರೇ. ಮರೆತ ಕಡೆ ತಾಳಕ್ಕೆ ತಟ್ಟುಮೆಟ್ಟು ಹಾಕುತ್ತಾ ನಿಂತು, ಮುಂದಿನ ಆವರ್ತದ ಸಮಕ್ಕೆ ಸೇರು ಅನ್ನಬಹುದು, ಅಥವಾ ಬೇರೆ ದಾರಿ ತೋರಿಸಬಹುದು. ಏನೇ ಹೇಳಲಿ, ಬೇಕಂತಲೇ ಆ ಜತಿಯ ನಡುವೆ ನಿಂತು, ಮತ್ತೆ ಸೇರಿಕೊಳ್ಳುವುದನ್ನು ಅವರೆದುರು ನಾಲ್ಕಾರು ಸಲ ಮಾಡಿನೋಡು. ಮರೆತರೂ ಕಾಲು ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದರೆ "ಮರೆತರೆ ಏನು ಗತಿ" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಕಾರ್ಯಕ್ರಮ ಮುಗಿದ ಮೇಲೂ ವಾರಗಟ್ಟಲೆ ನಿದ್ದೆ ಬಾರದೆ ಹೋದರೆ, ಊಟ ಸೇರದಿದ್ದರೆ ನನ್ನಿಂದ ಮುಚ್ಚಿಡಬೇಡ, ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಾಳೆ ಸಂಜೆಯ ಪ್ರಾಕ್ಟೀಸಿಗೆ ಮುಂಚೆ ಟೀಚರನ್ನು ಕೇಳು. ಏನಂದರು ಅಂತ ರಾತ್ರಿ ಒಂಬತ್ತರೊಳಗೆ ಫೋನ್ ಮಾಡು, ಆಮೇಲೆ ನನಗೆ ನೈಟ್ ಡ್ಯೂಟಿ.

ನಿನ್ನ ಅಮ್ಮ