ಠೇವಣಿಯ ಬಡ್ಡಿಯಲ್ಲಿ 8,310 ರೂಪಾಯಿ ಕಡಿಮೆ ಕೊಟ್ಟ ಬಗ್ಗೆ ದೂರು

ಶಾಖಾ ವ್ಯವಸ್ಥಾಪಕರಿಗೆ,
ವಿಜಯಪುರ

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ, ಎರಡು ಸಲ ಖುದ್ದಾಗಿ ಬಂದೆ. ಇನ್ನು ಬರವಣಿಗೆಯೇ ಗತಿ.

ಐದು ವರ್ಷದ ಹಿಂದೆ ನಾನು ನಿಮ್ಮಲ್ಲಿ ಐದು ಲಕ್ಷ ರೂಪಾಯಿ ಠೇವಣಿ ಇಟ್ಟೆ. ರಸೀದಿಯಲ್ಲಿ ‘ಶೇ. 8, ತ್ರೈಮಾಸಿಕ ಚಕ್ರಬಡ್ಡಿ’ ಎಂದಿದೆ. ಅವಧಿ ಮುಗಿದಾಗ ಬರುವ ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದೀರಿ. ಅಂದೇ ಅದನ್ನು ಬರೆಸಿಕೊಳ್ಳದಿದ್ದದ್ದು ನನ್ನ ತಪ್ಪು. ಕಳೆದ ತಿಂಗಳು ಖಾತೆಗೆ ಬಂದದ್ದು 7,34,664 ರೂಪಾಯಿ. ಬರಬೇಕಾದದ್ದು 7,42,974.

ಕೌಂಟರಿನ ತರುಣರು ನನ್ನ ರಸೀದಿಯನ್ನು ತಿರುಗಿಸಿ ನೋಡದೆಯೇ, ‘ಕಾಕಾ, ಎಂಟು ಎಂದರೆ ಎಂಟೇ. ಮೂರು ತಿಂಗಳಿಗೆ ಎರಡೆರಡು, ನಾಲ್ಕು ಸಲ ಕೊಟ್ಟರೂ ಎಂಟು, ಒಮ್ಮೆಲೇ ಕೊಟ್ಟರೂ ಎಂಟು’ ಎಂದರು. ‘ಎರಡು ನಾಲ್ಕಲೆ ಎಷ್ಟು?’ ಎಂದು ಮಗುವಿಗೆ ಕೇಳುವಂತೆ ಕೇಳಿದರು. ಸರದಿಯಲ್ಲಿದ್ದವರು ನಕ್ಕರು. ನಾನು ‘ಎಂಟು’ ಎಂದೆ. ಆ ಉತ್ತರ ಸರಿಯಾಗಿಯೇ ಇತ್ತಲ್ಲ! ‘ಮನೆಯಲ್ಲಿ ಓದಿದವರಿದ್ದರೆ ಕರೆದುಕೊಂಡು ಬನ್ನಿ’ ಎಂದು ರಸೀದಿಯನ್ನು ಗಾಜಿನ ಕೆಳಗಿನಿಂದ ನನ್ನತ್ತ ತಳ್ಳಿದರು. ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಮೂವತ್ನಾಲ್ಕು ವರ್ಷ ಖಾತೆ ಬರೆದವನು ನಾನು. ಓದಿದವರು ಮನೆಯಲ್ಲಿ ಯಾರೂ ಇಲ್ಲವಾದ್ದರಿಂದ ನಾನೇ ಲೆಕ್ಕ ಬರೆಯುತ್ತಿದ್ದೇನೆ.

ಮೊದಲ ಮೂರು ತಿಂಗಳಿಗೆ ಬಡ್ಡಿ 10,000. ಅದು ಅಸಲಿಗೆ ಸೇರಿದ ಮೇಲೆ ಮುಂದಿನ ಬಡ್ಡಿ 5,10,000ದ ಮೇಲೆ ಬೀಳುತ್ತದೆ, ಅಂದರೆ 10,200. ಆಮೇಲೆ 10,404, ಕೊನೆಗೆ 10,612. ವರ್ಷಕ್ಕೆ 41,216 ರೂಪಾಯಿ. ವರ್ಷಕ್ಕೊಮ್ಮೆ ಸೇರಿಸಿದರೆ ಬರೀ 40,000. ಹಾಗಾಗಿ ತ್ರೈಮಾಸಿಕದ ಎಂಟು ನಿಜದಲ್ಲಿ ಸುಮಾರು 8.24. ಮೊದಲ ವರ್ಷದ ಆ 1,216 ರೂಪಾಯಿಯ ಅಂತರ ತಾನೂ ಬಡ್ಡಿ ಗಳಿಸುತ್ತ, ಪ್ರತಿ ವರ್ಷ ಹೊಸ ಅಂತರವನ್ನೂ ಕೂಡಿಸಿಕೊಳ್ಳುತ್ತ ಐದು ವರ್ಷಕ್ಕೆ 8,310 ಆಗುತ್ತದೆ.

ಎರಡನೇ ಭೇಟಿಯಲ್ಲಿ ‘ಟಿಡಿಎಸ್ ಕಡಿತವಾಗಿರಬೇಕು’ ಎಂಬ ಹೊಸ ಕಾರಣ ಸಿಕ್ಕಿತು. ಪ್ರತಿ ವರ್ಷ 15ಎಚ್ ಫಾರ್ಮ್ ಕೊಟ್ಟು ಸ್ವೀಕೃತಿ ಇಟ್ಟುಕೊಂಡಿದ್ದೇನೆ. ಅದೂ ಅಲ್ಲದೆ, ಶೇ. 10ರಂತೆ ಹಿಡಿದಿದ್ದರೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಹೋಗಬೇಕಿತ್ತು. ಐದು ಲಕ್ಷವನ್ನು 1.08ರಿಂದ ಐದು ಸಲ ಗುಣಿಸಿ ನೋಡಿ, ನೀವು ಕೊಟ್ಟ ಮೊತ್ತವೇ ರೂಪಾಯಿ ತಪ್ಪದೆ ಬರುತ್ತದೆ. ತೆರಿಗೆ ಇಷ್ಟು ಅಚ್ಚುಕಟ್ಟಾಗಿ ಕಡಿತವಾಗುವುದಿಲ್ಲ ಸ್ವಾಮಿ. ನಿಮ್ಮ ಕಂಪ್ಯೂಟರಿನಲ್ಲಿ ಯಾರೋ ‘ತ್ರೈಮಾಸಿಕ’ದ ಬದಲು ‘ವಾರ್ಷಿಕ’ ಒತ್ತಿದ್ದಾರೆ.

ರಸೀದಿಯ ನಕಲು ಲಗತ್ತಿಸಿದ್ದೇನೆ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತೇನೆ. ಅಲ್ಲಿ ಶುಲ್ಕವಿಲ್ಲ, ನನಗೆ ಸಮಯಕ್ಕೂ ಕೊರತೆಯಿಲ್ಲ. ನಿಮ್ಮದೇ ಶಾಖೆಯಲ್ಲಿ ಠೇವಣಿ ಇಟ್ಟಿರುವ ನಮ್ಮ ಓಣಿಯ ಹನ್ನೊಂದು ಮನೆಗಳ ರಸೀದಿಗಳನ್ನು ಈ ಭಾನುವಾರದಿಂದ ತೆರೆದು ನೋಡಲಿದ್ದೇನೆ.

ಇಂತಿ,
ಎರಡು ನಾಲ್ಕಲೆ ಎಂಟು ಬಲ್ಲ ನಿಮ್ಮ ಗ್ರಾಹಕ