ಬೆಳ್ಳಿ ಲೇಪದ ಬಿಲ್‌ನಲ್ಲಿ ಹೆಚ್ಚಿಗೆ ತೂಕ: ದೂರು

ಗೆ,
ಮಾಲೀಕರು,
ಬೆಳ್ಳಿ ಪ್ಲೇಟಿಂಗ್ ಅಂಗಡಿ, ಬಳ್ಳಾರಿ

ವಿಷಯ: 24 ಗ್ರಾಂ ಬೆಳ್ಳಿ ಕೂರಿಸಿ 40 ಗ್ರಾಂಗೆ ಹಣ ಪಡೆದದ್ದು

ಮಾನ್ಯರೇ,

ಗವಿಮಠದ ಜಾತ್ರೆಗೆ ಮುಂಚೆ ನಮ್ಮ ಅತ್ತೆಯವರ ಕಾಲದ ಜೋಡಿ ಹಿತ್ತಾಳೆ ದೀಪಗಳಿಗೆ ನಿಮ್ಮಲ್ಲಿ ಬೆಳ್ಳಿ ಲೇಪ ಹಾಕಿಸಿದೆ. ಬಿಲ್‌ನಲ್ಲಿ 40 ಗ್ರಾಂ ಬೆಳ್ಳಿ ಎಂದು ಬರೆದಿರಿ. ಕೇಳಿದಷ್ಟು ಕೊಟ್ಟು ಕೊಪ್ಪಳಕ್ಕೆ ಬಂದೆ.

ಊರಲ್ಲಿ ತೂಗಿಸಿದಾಗ ದೀಪಗಳ ತೂಕ ಮೊದಲಿಗಿಂತ 21 ಗ್ರಾಂ ಮಾತ್ರ ಜಾಸ್ತಿ ಇತ್ತು. ಫೋನ್ ಮಾಡಿದರೆ ನಿಮ್ಮ ಹುಡುಗ, "ಪಾಲಿಶ್ ಮಾಡುವಾಗ ಹಿತ್ತಾಳೆ ಸವೆಯುತ್ತೆ ಅಕ್ಕಾ, ಅದಕ್ಕೇ ತೂಕ ಸಿಗಲ್ಲ" ಅಂದ. ಸವೆಯುವುದು ನಿಜ. ಹಾಗಾಗಿ ತೂಕದ ಮಾತು ಬಿಟ್ಟು, ನೀವೇ ಕೊಟ್ಟ ಜಾಬ್ ಕಾರ್ಡ್ ಹಿಡಿದು ಕೂತೆ. ಅದರಲ್ಲಿ 3 ಆಂಪಿಯರ್, 2 ಗಂಟೆ ಎಂದಿದೆ. ನಾನೂ ಅಲ್ಲೇ ಕೂತಿದ್ದೆ. ಮೀಟರಿನ ಮುಳ್ಳು 3ರ ಮೇಲೇ ನಿಂತಿತ್ತು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಫ್ಯಾರಡೆಯ ಈ ಲೆಕ್ಕವನ್ನು ಪ್ರತಿ ವರ್ಷ ಮಕ್ಕಳಿಂದ ಮಾಡಿಸುತ್ತೇನೆ. 2 ಗಂಟೆ ಅಂದರೆ 7,200 ಸೆಕೆಂಡ್. ಅದನ್ನು 3ರಿಂದ ಗುಣಿಸಿದರೆ 21,600 ಕೂಲಂಬ್. ನಿಮ್ಮ ತೊಟ್ಟಿಯ ಮೂಲಕ ಹರಿದ ಒಟ್ಟು ವಿದ್ಯುತ್ತು ಇಷ್ಟೇ. ದ್ರಾವಣದಲ್ಲಿರುವ ಒಂದೊಂದು ಬೆಳ್ಳಿ ಅಯಾನು ಲೋಹವಾಗಿ ಕೂರಲು ಒಂದು ಎಲೆಕ್ಟ್ರಾನ್ ಬೇಕು. ಆ ಲೆಕ್ಕದಲ್ಲಿ 107.87 ಗ್ರಾಂ ಬೆಳ್ಳಿಗೆ 96,485 ಕೂಲಂಬ್ ಬೇಕಾಗುತ್ತದೆ. 21,600 ಕೂಲಂಬಿಗೆ ಕೂರುವುದು 24.1 ಗ್ರಾಂ.

ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದಲ್ವಾ ಎಂದು ನೀವು ಕೇಳಬಹುದು. ಕಮ್ಮಿ ಆಗಬಹುದು, ಹೆಚ್ಚಾಗುವಂತಿಲ್ಲ. ದೀಪದ ಮೈಯಿಂದ ಗುಳ್ಳೆ ಎದ್ದರೆ ಅದು ಹೈಡ್ರೋಜನ್. ಅಷ್ಟು ವಿದ್ಯುತ್ತು ಅನಿಲಕ್ಕೆ ಹೋಯಿತು, ಬೆಳ್ಳಿಗೆ ಸಿಗಲಿಲ್ಲ ಎಂದರ್ಥ. ಆದ್ದರಿಂದ 24 ಗ್ರಾಂ ಎಂಬುದು ಮೇಲಿನ ಮಿತಿ. ಅದೇ 3 ಆಂಪಿಯರಿನಲ್ಲಿ 40 ಗ್ರಾಂ ಕೂರಿಸಲು 3 ಗಂಟೆ 19 ನಿಮಿಷ ಬೇಕಿತ್ತು. ದೀಪ ತೊಟ್ಟಿಗೆ ಇಳಿದದ್ದು 11ಕ್ಕೆ, ಮೇಲೆ ಬಂದದ್ದು 1ಕ್ಕೆ.

ಊರಿನ ತೂಕವೂ ಇದಕ್ಕೆ ಹೊಂದುತ್ತದೆ. ಕೂತದ್ದು 24, ಪಾಲಿಶ್‌ನಲ್ಲಿ ಸವೆದದ್ದು 3, ಉಳಿದದ್ದು 21. ನಿಮ್ಮ 40 ನಿಜವಾಗಬೇಕಾದರೆ 19 ಗ್ರಾಂ ಹಿತ್ತಾಳೆ ಸವೆದಿರಬೇಕು. ಅಷ್ಟೊಂದು ಉಜ್ಜಿದ್ದರೆ ನನಗೆ ಅದು ಇನ್ನೂ ದೊಡ್ಡ ದೂರು.

ಲೇಪದ ಕೆಲಸ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ನೀವು ತೊಟ್ಟಿಯಲ್ಲಿ ತೂಗುಹಾಕುವ ಬೆಳ್ಳಿ ತಗಡು ಕೂಡ ದೀಪಕ್ಕೆ ಕೂತಷ್ಟೇ ಕರಗುತ್ತದೆ. ಆ ದಿನದ ಮುಂಚಿನ ಮತ್ತು ನಂತರದ ತೂಕ ಬರೆದಿಟ್ಟಿದ್ದರೆ ದಯವಿಟ್ಟು ತೋರಿಸಿ. ಇಲ್ಲದಿದ್ದರೆ ಹೆಚ್ಚಿಗೆ ಪಡೆದ 16 ಗ್ರಾಂ ಬೆಳ್ಳಿಯ ಹಣವನ್ನು 15 ದಿನದೊಳಗೆ ವಾಪಸ್ ಕೊಡಿ, ಬಿಲ್ ತಿದ್ದಿ ಕಳಿಸಿ. ಕೊಡದಿದ್ದರೆ ಇದೇ ಜಾಬ್ ಕಾರ್ಡ್ ಸಮೇತ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ ಮತ್ತು ಕಾರ್ಡಿನ ನಕಲು ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ, ಕೊಪ್ಪಳ