ಸತ್ತ ಮಂಗನ ಹತ್ರ ಹೋಗ್ಬೇಡಿ

ಸಂಪಾದಕರೇ,

ನಮ್ಮ ಕಡೆ ಮಂಗನ ಕಾಯಿಲೆ ಅಂದ್ರೆ ಜನ ಈಗ್ಲೂ ಮಂಗ ಕಚ್ಚಿದ್ರೆ ಬರೋದು ಅಂದ್ಕೋತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾಗಿದ್ದು, ಅದಕ್ಕೇ ಆ ಹೆಸ್ರು, ಆದ್ರೆ ಮನುಷ್ಯರಿಗೆ ವೈರಸ್ ದಾಟಿಸೋದು ಉಣುಗು. ಮಂಗ ಸತ್ತ ಮೇಲೆ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ತರಗೆಲೆ ಮೇಲೆ ಉದುರಿ ಮುಂದಿನ ರಕ್ತಕ್ಕೆ ಕಾಯ್ತಾ ಇರ್ತವೆ, ಹಾಗಾಗಿ ಹೆಣ ಕಂಡ್ರೆ ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯದವರಿಗೋ ತಿಳಿಸಿ.

ಹೋದ ಬೇಸಿಗೆ ನಮ್ಮ ಪಕ್ಕದ ಮನೆ ಅಣ್ಣ ತೋಟಕ್ಕೆ ತರಗೆಲೆ ತರೋಕೆ ಹೋಗಿದ್ದ, ನಾಲ್ಕೈದು ದಿನಕ್ಕೆ ಚಳಿಜ್ವರ, ತಲೆ ಸಿಡಿಯೋಷ್ಟು ನೋವು. ಮೈಕೈ ನೋವು ತಡೀಲಾರ್ದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗ್ದ. ಅದೇ ತಪ್ಪು ನೋಡಿ, ಈ ಕಾಯಿಲೇಲಿ ಪ್ಲೇಟ್‌ಲೆಟ್ ಇಳಿಯುತ್ತೆ, ಆಸ್ಪಿರಿನ್, ಐಬುಪ್ರೊಫೇನ್ ತರದವು ರಕ್ತಸ್ರಾವ ಇನ್ನೂ ಜಾಸ್ತಿ ಮಾಡ್ತವೆ. ವೈರಸ್ ಕೊಲ್ಲೋ ನಿರ್ದಿಷ್ಟ ಔಷಧಿ ಇಲ್ಲ, ಆಸ್ಪತ್ರೇಲಿ ಪ್ಯಾರಾಸಿಟಮಾಲ್, ಬೇಕಾದಷ್ಟು ಡ್ರಿಪ್ಸ್, ಪದೇಪದೇ ರಕ್ತ ಪರೀಕ್ಷೆ, ಬಿಪಿ ನೋಡೋದು, ರಕ್ತಸ್ರಾವ ಆದ್ರೆ ರಕ್ತ ಕೊಡೋದು, ಇಷ್ಟೇ ಚಿಕಿತ್ಸೆ, ಆದ್ರೆ ಬೇಗ ಹೋದ್ರೆ ಹೆಚ್ಚಿನವರು ಉಳೀತಾರೆ.

ಇನ್ನೊಂದು, ಜ್ವರ ಬಿಟ್ಟು ಒಂದೆರಡು ವಾರ ಆದ್ಮೇಲೆ ಕೆಲವರಿಗೆ ಮತ್ತೆ ಬರುತ್ತೆ, ಆಗ ಮಿದುಳಿಗೆ ಏರಿ ಕತ್ತು ಬಿಗಿಯೋದು, ಕೈ ನಡುಗೋದು, ಮಾತು ತಡವರಿಸೋದು ಶುರು. ಅಣ್ಣಂಗೂ ಕೈ ನಡುಗೋಕೆ ಶುರುವಾಗಿತ್ತು, ಅತ್ತಿಗೆ ಸುಸ್ತು ಅಂತ ಬಿಡದೆ ಆವತ್ತೇ ವಾಪಸ್ ಆಸ್ಪತ್ರೆಗೆ ಕರ್ಕೊಂಡ್ ಹೋದ್ರು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು